ಕಾಗದದ ಮೇಲಿನ ಕನಸು: ಚಿತ್ರಕಥೆಯಲ್ಲಿ ಸ್ವಪ್ನ ಮತ್ತು ಹಿನ್ನೋಟಗಳ ಸೂಚನೆ

ಚಲನಚಿತ್ರವೊಂದನ್ನು ಪ್ರೇಕ್ಷಕರು ನೋಡುವುದಕ್ಕೆ ಬಹಳ ಮೊದಲೇ ಅದನ್ನು ಓದಿದವರು ಇರುತ್ತಾರೆ. ಹಣ ಹೂಡುವ ನಿರ್ಮಾಪಕ, ಪಾತ್ರವನ್ನು ಒಪ್ಪಬೇಕೋ ಬೇಡವೋ ಎಂದು ತೂಗಿ ನೋಡುವ ನಟಿ, ಬೆಳಕಿನ ಲೆಕ್ಕ ಹಾಕುವ ಛಾಯಾಗ್ರಾಹಕ, ಯಾವ ದಿನ ಯಾವ ಸೀರೆ ಬೇಕೆಂದು ಪಟ್ಟಿ ಮಾಡುವ ವಸ್ತ್ರ ವಿಭಾಗದವರು, ಇವರೆಲ್ಲ ಚಿತ್ರವನ್ನು ಮೊದಲು ಕಾಣುವುದು ಅಕ್ಷರಗಳಲ್ಲಿ. ತೆರೆಯ ಮೇಲೆ ಭೂತಕಾಲಕ್ಕೆ ಹೊರಳುವಾಗ ಬಣ್ಣ ಮಾಸಬಹುದು, ಒಂದು ಬಿಂಬ ಇನ್ನೊಂದರೊಳಗೆ ಕರಗಬಹುದು, ಹಿನ್ನೆಲೆಯ ನಾದ ಬದಲಾಗಬಹುದು. ಓದುಗನಿಗೆ ಇವಾವುವೂ ಇಲ್ಲ. ಅವನ ಮುಂದಿರುವುದು ಬಿಳಿಯ ಹಾಳೆಯ ಮೇಲಿನ ಒಂದೇ ಬಗೆಯ ಕಪ್ಪು ಅಕ್ಷರ. ಕನಸು ಮತ್ತು ಹಿನ್ನೋಟಗಳ ಬಗೆಗಿನ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ತೆರೆಯ ಮೇಲಿನ ಪರಿಣಾಮವನ್ನು ಕುರಿತದ್ದು. ಆದರೆ ಅವು ಹಾಳೆಯ ಮೇಲೆ ಹೇಗೆ ನಿಲ್ಲುತ್ತವೆ, ಓದುಗನಿಗೆ ಹೇಗೆ ತಿಳಿಯುತ್ತವೆ ಎಂಬ ಪ್ರಶ್ನೆ ಅದಕ್ಕಿಂತ ಹಿಂದಿನದು. ಅಲ್ಲಿ ತಪ್ಪಿದ್ದು ಅನೇಕ ವೇಳೆ ತೆರೆಯವರೆಗೂ ತಪ್ಪಾಗಿಯೇ ಉಳಿಯುತ್ತದೆ.

ಕಾದಂಬರಿಕಾರನಿಗೆ ಈ ತೊಡಕು ಇಲ್ಲ. ಕನ್ನಡದ ಕ್ರಿಯಾಪದವೇ ಅವನ ನೆರವಿಗೆ ಬರುತ್ತದೆ. ‘ಬಂದನು’ ಎಂದು ಕಥನ ಸಾಗುತ್ತಿರುವಾಗ ‘ಬಂದಿದ್ದನು’ ಎಂಬ ಒಂದೇ ರೂಪ ಓದುಗನನ್ನು ಇನ್ನೂ ಹಿಂದಿನ ಕಾಲಕ್ಕೆ ಕರೆದೊಯ್ಯುತ್ತದೆ. ನಾಲ್ಕಾರು ವಾಕ್ಯಗಳ ನಂತರ ‘ಬಂದನು’ ಎಂದೇ ಮುಂದುವರಿಸಿದರೂ ಓದುಗ ತಾನು ಯಾವ ಕಾಲದಲ್ಲಿದ್ದೇನೆಂದು ಮರೆಯುವುದಿಲ್ಲ. ಚಿತ್ರಕಥೆಯಾದರೋ ಎಲ್ಲವನ್ನೂ ವರ್ತಮಾನದಲ್ಲಿ ಬರೆಯುವ ಪ್ರಕಾರ. ಇಂದು ನಡೆಯುವುದೂ ‘ಬರುತ್ತಾಳೆ’, ಐವತ್ತು ವರ್ಷಗಳ ಹಿಂದೆ ನಡೆದದ್ದೂ ‘ಬರುತ್ತಾಳೆ’, ಎಂದೂ ನಡೆಯದೆ ಬರಿಯ ನಿದ್ದೆಯಲ್ಲಿ ಕಂಡದ್ದೂ ‘ಬರುತ್ತಾಳೆ’. ಕ್ಯಾಮೆರಾದ ಮುಂದೆ ನಡೆಯುವುದೆಲ್ಲ ಆ ಕ್ಷಣದಲ್ಲಿ ನಡೆಯುವಂಥದೇ ಆದ್ದರಿಂದ ಈ ನಿಯಮ ಸಕಾರಣವಾದದ್ದು. ಆದರೆ ಅದರ ಫಲವಾಗಿ, ಕಾಲವನ್ನು ಸೂಚಿಸುವ ಕೆಲಸ ಕ್ರಿಯಾಪದದಿಂದ ಕಳಚಿಕೊಂಡು ಬೇರೊಂದು ಕಡೆಗೆ ಹೋಗಬೇಕಾಗುತ್ತದೆ. ಅದು ಹೋಗುವುದು ದೃಶ್ಯದ ಶೀರ್ಷಿಕೆಗೆ.

ಶೀರ್ಷಿಕೆಯ ಸಾಲು ಮೂರು ಸಂಗತಿಗಳನ್ನು ಹೇಳುತ್ತದೆ: ಒಳಾಂಗಣವೋ ಹೊರಾಂಗಣವೋ, ಯಾವ ಸ್ಥಳ, ಹಗಲೋ ರಾತ್ರಿಯೋ. ಹಿನ್ನೋಟವಾದರೆ ನಾಲ್ಕನೆಯದಾಗಿ ಆವರಣದಲ್ಲಿ ಆ ಮಾತು ಸೇರುತ್ತದೆ. ಇದು ಎಲ್ಲರೂ ಬಲ್ಲ ರೂಢಿ. ತೊಡಕು ಹುಟ್ಟುವುದು ರೂಢಿಯನ್ನು ಅರೆಬರೆಯಾಗಿ ಪಾಲಿಸಿದಾಗ. ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಂಡು ನೋಡುವುದು ಇಲ್ಲಿ ಉಚಿತ. ನೇಕಾರರ ಮನೆಯ ವೃದ್ಧೆಯೊಬ್ಬಳು, ಊರು ಬಿಟ್ಟುಹೋದ ಗಂಡನನ್ನು ನೆನೆಯುವ ಸಂದರ್ಭ. ಮೊದಲ ಕರಡಿನಲ್ಲಿ ಅದು ಹೀಗಿರಬಹುದು:

ದೃಶ್ಯ 21. ಒಳಾಂಗಣ. ಮಗ್ಗದ ಕೋಣೆ. ರಾತ್ರಿ.
ಗಂಗಮ್ಮ ಮಗ್ಗದ ಮುಂದೆ ಕುಳಿತಿದ್ದಾಳೆ. ಅವಳಿಗೆ ಹಳೆಯದೆಲ್ಲ ನೆನಪಾಗುತ್ತದೆ. ಗಂಡ ಬಾಗಿಲಲ್ಲಿ ನಿಂತು ತಾನು ಊರು ಬಿಡುವುದಾಗಿ ಹೇಳುತ್ತಾನೆ. ಅವಳು ಅಳುತ್ತಾಳೆ. ಹೊರಗೆ ಮಳೆ ಸುರಿಯುತ್ತಿದೆ.

ಕಥೆಯಾಗಿ ಓದಿದರೆ ಇದರಲ್ಲಿ ಅಸ್ಪಷ್ಟವಾದುದು ಏನೂ ಇಲ್ಲವೆನಿಸುತ್ತದೆ. ಚಿತ್ರೀಕರಣಕ್ಕಾಗಿ ಓದುವವನ ಕಣ್ಣಿನಿಂದ ನೋಡಿದಾಗ ಮಾತ್ರ ಒಂದೊಂದು ವಾಕ್ಯವೂ ಪ್ರಶ್ನೆಯಾಗಿ ನಿಲ್ಲುತ್ತದೆ. ಅಳುವವಳು ಯಾರು, ಇಂದಿನ ಮುದುಕಿಯೋ ಅಂದಿನ ತರುಣಿಯೋ? ಮುದುಕಿಯೇ ಆದರೆ ಒಬ್ಬ ನಟಿ ಸಾಕು. ತರುಣಿಯಾದರೆ ಇಬ್ಬರು ಬೇಕು. ಮಳೆ ಈಗ ಸುರಿಯುತ್ತಿದೆಯೋ, ಅಂದು ಸುರಿದದ್ದೋ? ಮಳೆಯ ಯಂತ್ರವನ್ನು ಯಾವ ರಾತ್ರಿಗೆ ತರಿಸಬೇಕು? ಕೋಣೆಯಲ್ಲಿ ಟ್ಯೂಬ್‌ಲೈಟ್ ಇರಬೇಕೋ ಲಾಟೀನು ಇರಬೇಕೋ? ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇದ್ದರೆ ಅದು ಯಾವ ಕಾಲದ್ದು? ‘ಹಳೆಯದೆಲ್ಲ ನೆನಪಾಗುತ್ತದೆ’ ಎಂಬ ವಾಕ್ಯವಂತೂ ಕ್ಯಾಮೆರಾ ಹಿಡಿಯಲಾಗದ ಸಂಗತಿ. ಕಾದಂಬರಿಯ ಅಭ್ಯಾಸ ಚಿತ್ರಕಥೆಯೊಳಗೆ ನುಸುಳಿದ ಗುರುತು ಅದು. ಒಂದೇ ಶೀರ್ಷಿಕೆಯ ಅಡಿಯಲ್ಲಿ ಎರಡು ಕಾಲಗಳು ಬೆರೆತುಹೋಗಿರುವುದೇ ಇಲ್ಲಿಯ ಮೂಲ ದೋಷ. ಸ್ಥಳ ಒಂದೇ ಆದದ್ದರಿಂದ ಶೀರ್ಷಿಕೆಯೂ ಒಂದೇ ಸಾಕೆಂದು ಬರೆಯುವವನು ಭಾವಿಸಿದ್ದಾನೆ. ಚಿತ್ರೀಕರಣದ ದೃಷ್ಟಿಯಿಂದ 1974ರ ಮಗ್ಗದ ಕೋಣೆಯೂ 2022ರ ಮಗ್ಗದ ಕೋಣೆಯೂ ಎರಡು ಬೇರೆ ಬೇರೆ ಸ್ಥಳಗಳೇ.

ತಿದ್ದಿದ ಪ್ರತಿ ಹೀಗೆ ಬರುತ್ತದೆ:

ದೃಶ್ಯ 21. ಒಳಾಂಗಣ. ಮಗ್ಗದ ಕೋಣೆ. ರಾತ್ರಿ. (2022)
ಟ್ಯೂಬ್‌ಲೈಟಿನ ಬೆಳಕು. ಮಗ್ಗ ಖಾಲಿ. ಗಂಗಮ್ಮ (72) ಗೂಡಿನಿಂದ ಹಳೆಯ ಲಾಳಿಯೊಂದನ್ನು ತೆಗೆದು ಸೆರಗಿನಿಂದ ಧೂಳು ಒರೆಸುತ್ತಾಳೆ. ಮಳೆಯ ಸದ್ದು. ಅವಳು ಕಿಟಕಿಯತ್ತ ನೋಡುತ್ತಾಳೆ. ಹೊರಗೆ ಅಂಗಳ ಒಣಗಿದೆ. ಮಳೆಯ ಸದ್ದು ಜೋರಾಗುತ್ತದೆ.

ದೃಶ್ಯ 22. ಒಳಾಂಗಣ. ಮಗ್ಗದ ಕೋಣೆ. ರಾತ್ರಿ. (ಹಿನ್ನೋಟ, 1974)
ಲಾಟೀನಿನ ಬೆಳಕು. ಹೊರಗೆ ಮಳೆ. ಅದೇ ಲಾಳಿ, ಹೊಸದು, ಗಂಗಾ (24) ಕೈಯಲ್ಲಿ. ಮಗ್ಗದ ಮೇಲೆ ಅರ್ಧ ನೇಯ್ದ ಕೆಂಪು ಸೀರೆ. ಬಾಗಿಲಲ್ಲಿ ವೀರಪ್ಪ (30), ಕೈಯಲ್ಲಿ ಗಂಟು.
ವೀರಪ್ಪ: ಬೆಳಗಿನ ಗಾಡಿಗೆ ಹೊಂಟೀನಿ.
ಗಂಗಾ ಉತ್ತರಿಸುವುದಿಲ್ಲ. ಲಾಳಿ ಎಸೆಯುತ್ತಾಳೆ. ಮತ್ತೊಮ್ಮೆ ಎಸೆಯುತ್ತಾಳೆ.

ದೃಶ್ಯ 23. ಒಳಾಂಗಣ. ಮಗ್ಗದ ಕೋಣೆ. ರಾತ್ರಿ. (ಮರಳಿ 2022ಕ್ಕೆ)
ಮೌನ. ಗಂಗಮ್ಮ ಲಾಳಿಯನ್ನು ಗೂಡಿನಲ್ಲಿಟ್ಟು ದೀಪ ಆರಿಸುತ್ತಾಳೆ.

ಬದಲಾದದ್ದು ಬಹಳವೇನೂ ಅಲ್ಲ. ಕಾಲಕ್ಕೊಂದು ಶೀರ್ಷಿಕೆ ಬಂದಿದೆ. ಪ್ರತಿ ಪಾತ್ರದ ಮುಂದೆ ವಯಸ್ಸು ಬಂದಿದೆ. ತರುಣಿಯನ್ನು ‘ಗಂಗಾ’ ಎಂದೂ ವೃದ್ಧೆಯನ್ನು ‘ಗಂಗಮ್ಮ’ ಎಂದೂ ಕರೆದದ್ದರಿಂದ ಸಂಭಾಷಣೆಯ ಮೇಲಿನ ಹೆಸರನ್ನು ನೋಡಿದೊಡನೆ ಯಾವ ನಟಿ ಎಂಬುದು ತಿಳಿಯುತ್ತದೆ. ಮೂರನೆಯ ಶೀರ್ಷಿಕೆಯೂ ಅಷ್ಟೇ ಮುಖ್ಯ. ಹಿನ್ನೋಟದ ಆರಂಭವನ್ನು ಗುರುತಿಸುವವರಲ್ಲಿ ಅನೇಕರು ಅಂತ್ಯವನ್ನು ಗುರುತಿಸಲು ಮರೆಯುತ್ತಾರೆ. ಮುಂದಿನ ದೃಶ್ಯ ಬೇರೆ ಸ್ಥಳದಲ್ಲಿ ಆರಂಭವಾದಾಗ ಓದುಗ ಇನ್ನೂ ಹಿಂದಿನ ಕಾಲದಲ್ಲೇ ಇದ್ದಾನೋ ಹೊರಬಂದಿದ್ದಾನೋ ತಿಳಿಯದೆ ಎರಡು ಪುಟ ತಡಕಾಡುತ್ತಾನೆ. ಒಳಹೋಗುವ ಬಾಗಿಲಿನಷ್ಟೇ ಹೊರಬರುವ ಬಾಗಿಲೂ ಕಾಣಬೇಕು.

ಈ ಪ್ರತಿಯಲ್ಲಿ ಶೀರ್ಷಿಕೆಯ ಹೊರಗೂ ಒಂದು ಸೂಚನೆ ಇದೆ. ಒಣ ಅಂಗಳದಲ್ಲಿ ಕೇಳುವ ಮಳೆಯ ಸದ್ದು ಮತ್ತು ಎರಡೂ ಕಾಲದಲ್ಲಿ ಕಾಣುವ ಲಾಳಿ ಓದುಗನನ್ನು ದಾಟಿಸುವ ಸೇತುವೆಗಳು. ಶೀರ್ಷಿಕೆ ತಿಳಿಸುತ್ತದೆ, ಇವು ಅನುಭವಕ್ಕೆ ತರುತ್ತವೆ. ಇವೆರಡರಲ್ಲಿ ಒಂದು ಇದ್ದರೆ ಇನ್ನೊಂದು ಬೇಡವೆಂಬ ವಾದವೂ ಕೇಳಿಬರುವುದುಂಟು. ಮಳೆಯ ಸದ್ದೇ ಎಲ್ಲವನ್ನೂ ಹೇಳುವಾಗ ‘ಹಿನ್ನೋಟ’ ಎಂಬ ಒಣ ಮಾತು ಯಾಕೆ ಎಂಬುದು ಆ ವಾದ. ಚಿತ್ರಕಥೆಯನ್ನು ಮೊದಲಿಂದ ಕೊನೆಯವರೆಗೆ ಒಂದೇ ಸಮನೆ ಓದುವ ಓದುಗನೊಬ್ಬನೇ ಇದ್ದಿದ್ದರೆ ವಾದ ನಿಲ್ಲುತ್ತಿತ್ತು. ಚಿತ್ರೀಕರಣದ ಹೊತ್ತಿಗೆ ಚಿತ್ರಕಥೆ ಪುಸ್ತಕವಾಗಿ ಉಳಿಯುವುದಿಲ್ಲ. ದೃಶ್ಯಗಳು ಬಿಡಿಬಿಡಿ ಹಾಳೆಗಳಾಗಿ ಸ್ಥಳಕ್ಕೆ ತಕ್ಕಂತೆ ಮರುಜೋಡಣೆಗೊಳ್ಳುತ್ತವೆ. ದೃಶ್ಯ 22 ಮಾತ್ರ ಕೈಗೆ ಬಂದ ವಸ್ತ್ರ ಸಹಾಯಕನಿಗೆ 21ರ ಮಳೆಯ ಸದ್ದು ಗೊತ್ತಿರುವುದಿಲ್ಲ. ಆದುದರಿಂದಲೇ ಹಿನ್ನೋಟವೊಂದು ಐದಾರು ದೃಶ್ಯಗಳಷ್ಟು ಉದ್ದವಿದ್ದಾಗ ಮೊದಲಿಗೆ ‘ಹಿನ್ನೋಟ ಆರಂಭ’, ಕೊನೆಗೆ ‘ಹಿನ್ನೋಟ ಮುಕ್ತಾಯ’ ಎಂದು ಬರೆದು ನಡುವಿನ ಶೀರ್ಷಿಕೆಗಳನ್ನು ಬರಿದಾಗಿ ಬಿಡುವ ಪದ್ಧತಿ ಓದುವುದಕ್ಕೆ ಹಗುರವೆನಿಸಿದರೂ ಕೆಲಸಕ್ಕೆ ಒದಗುವುದಿಲ್ಲ. ನಡುವಿನ ಪ್ರತಿಯೊಂದು ಶೀರ್ಷಿಕೆಯಲ್ಲೂ ಇಸವಿ ಮರುಕಳಿಸಬೇಕು. ಯಾವುದೋ ಒಂದು ಹಾಳೆಯನ್ನು ಎಳೆದು, ಉಳಿದದ್ದನ್ನು ಓದದವನ ಕೈಗಿತ್ತು, ‘ಇದು ಯಾವಾಗ, ಇವರಿಗೆ ವಯಸ್ಸೆಷ್ಟು’ ಎಂದು ಕೇಳಿದರೆ ಸೂಚನೆ ಸಾಕೋ ಸಾಲದೋ ಎಂಬುದು ಕೂಡಲೇ ಗೊತ್ತಾಗುತ್ತದೆ.

ಕಥೆಯಲ್ಲಿ ಒಂದಕ್ಕಿಂತ ಹೆಚ್ಚು ಭೂತಕಾಲಗಳಿದ್ದಾಗ ‘ಹಿನ್ನೋಟ’ ಎಂಬ ಪದ ತಾನೇ ನಿರುಪಯುಕ್ತವಾಗುತ್ತದೆ, ಇಸವಿಯೊಂದೇ ಸಾಕು. ಅರೆಕ್ಷಣ ಮಿಂಚಿ ಮಾಯವಾಗುವ ನೆನಪಿನ ತುಣುಕುಗಳಿಗೆ ಬೇರೆಯದೇ ಲೆಕ್ಕ. ತುಣುಕು ಈಗಾಗಲೇ ಬಂದ ದೃಶ್ಯದ್ದಾದರೆ ‘ದೃಶ್ಯ 22ರಿಂದ: ಲಾಳಿ ಎಸೆಯುವ ಕೈ’ ಎಂದು ಒಂದು ಸಾಲು ಬರೆದರೆ ಸಾಕು, ಹೊಸದಾಗಿ ಚಿತ್ರಿಸುವುದಿಲ್ಲ ಎಂಬುದು ತಿಳಿಯುತ್ತದೆ. ಹೊಸ ತುಣುಕಾದರೆ, ತೆರೆಯ ಮೇಲೆ ಎರಡು ಸೆಕೆಂಡೇ ಇರಲಿ, ಅದಕ್ಕೆ ಸ್ವಂತ ಸಂಖ್ಯೆ ಬೇಕು. ಎರಡು ಸೆಕೆಂಡಿನ ಮಳೆಗೂ ಮಳೆಯ ಯಂತ್ರ ಬೇಕಲ್ಲವೆ!

ಹಿನ್ನೋಟಕ್ಕೆ ಹೇಳಿದ್ದನ್ನೇ ಕನಸಿಗೂ ಅನ್ವಯಿಸಿ ಸುಮ್ಮನಾಗುವುದು ವಾಡಿಕೆ. ಎರಡಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಹಿನ್ನೋಟ ನಡೆದುಹೋದ ಸಂಗತಿ; ಅದಕ್ಕೆ ಇಸವಿ ಉಂಟು. ಕನಸಿಗೆ ಇಸವಿ ಇಲ್ಲ, ಒಡೆಯನಿದ್ದಾನೆ. ಆದ್ದರಿಂದ ಹಿನ್ನೋಟದ ಶೀರ್ಷಿಕೆ ‘ಯಾವಾಗ’ ಎಂಬುದಕ್ಕೆ ಉತ್ತರಿಸಬೇಕಾದರೆ ಕನಸಿನ ಶೀರ್ಷಿಕೆ ‘ಯಾರದು’ ಎಂಬುದಕ್ಕೆ ಉತ್ತರಿಸಬೇಕು. (ನಮ್ಮ ಜನಪ್ರಿಯ ಚಿತ್ರಗಳ ಕನಸಿನ ಹಾಡಿಗೆ ಈ ಕಟ್ಟುಪಾಡು ಬೇಕಿಲ್ಲ. ಬೆಂಗಳೂರಿನ ಬಸ್ ನಿಲ್ದಾಣದಲ್ಲಿ ನಿಂತ ನಾಯಕ ನಾಯಕಿಯರು ಮರುಕ್ಷಣ ಹಿಮದ ಬೆಟ್ಟದಲ್ಲಿ ಕುಣಿದರೆ ಯಾವ ಓದುಗನಿಗೂ ಗೊಂದಲವಾಗುವುದಿಲ್ಲ. ಅಲ್ಲಿ ರೂಢಿಯೇ ಸೂಚನೆ.)

ಸತ್ಯಜಿತ್ ರಾಯ್ ಅವರ ‘ನಾಯಕ್’ (1966) ಈ ವ್ಯತ್ಯಾಸವನ್ನು ಅರಿಯಲು ಒಳ್ಳೆಯ ಆಕರ. ಅದು ರಾಯ್ ಸ್ವತಃ ಬರೆದ ಮೂಲ ಚಿತ್ರಕಥೆ; ಯಾವ ಕಾದಂಬರಿಯ ರೂಪಾಂತರವೂ ಅಲ್ಲ. ಜನಪ್ರಿಯ ನಟ ಅರಿಂದಮ್ ಪ್ರಶಸ್ತಿಯೊಂದನ್ನು ಪಡೆಯಲು ರೈಲಿನಲ್ಲಿ ದೆಹಲಿಗೆ ಹೊರಟಿದ್ದಾನೆ. ದಾರಿಯಲ್ಲಿ ಅವನು ಕನಸು ಕಾಣುತ್ತಾನೆ: ನೋಟುಗಳ ರಾಶಿಗಳ ನಡುವೆ ನಡೆಯುತ್ತ ಅವುಗಳೊಳಗೇ ಹೂತುಹೋಗುತ್ತಾನೆ, ಶಂಕರ್‌ದಾನತ್ತ ಕೈ ಚಾಚುತ್ತಾನೆ, ಆ ಕೈ ಅವನನ್ನು ಮೇಲಕ್ಕೆತ್ತುವುದಿಲ್ಲ. ಆ ಹೊತ್ತಿಗೆ ಪ್ರೇಕ್ಷಕನಿಗೆ ಶಂಕರ್‌ದಾ ಯಾರೆಂದು ಸರಿಯಾಗಿ ತಿಳಿದಿಲ್ಲ. ಮುಂದೆ ಊಟದ ಬೋಗಿಯಲ್ಲಿ ಪತ್ರಕರ್ತೆ ಅದಿತಿಯೊಡನೆ ಮಾತಾಡುವಾಗ, ತನಗೆ ನಾಟಕ ಕಲಿಸಿದ, ಸಿನಿಮಾ ಸೇರುವುದನ್ನು ಒಪ್ಪದ ಆ ಹಿರಿಯನ ಸಂಗತಿಯನ್ನು ಅರಿಂದಮ್ ಹೇಳತೊಡಗುತ್ತಾನೆ, ಹಿನ್ನೋಟ ತೆರೆದುಕೊಳ್ಳುತ್ತದೆ. ಕನಸು ಒಡ್ಡಿದ ಒಗಟನ್ನು ಹಿನ್ನೋಟ ಬಿಡಿಸುತ್ತದೆ ಎಂಬ ಈ ಜೋಡಣೆಯೇ ಆ ಚಿತ್ರದ ಬೆನ್ನೆಲುಬು.

ಹಾಳೆಯ ಮೇಲೆ ಈ ಎರಡೂ ಭಾಗಗಳಿಗೆ ‘ನೆನಪು’ ಎಂದೋ ‘ಅರಿಂದಮನ ಮನಸ್ಸಿನಲ್ಲಿ’ ಎಂದೋ ಒಂದೇ ಹಣೆಪಟ್ಟಿ ಹಚ್ಚಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಕನಸಿನ ಶಂಕರ್‌ದಾ ಅರಿಂದಮನ ಅಪರಾಧಪ್ರಜ್ಞೆ ಕಡೆದ ಆಕೃತಿ. ಹಿನ್ನೋಟದ ಶಂಕರ್‌ದಾ ಬದುಕಿದ್ದ ಮನುಷ್ಯ. ಮೊದಲನೆಯವನಿಗೆ ಪ್ರಸಾಧನ, ಬೆಳಕು, ಧ್ವನಿ ಎಲ್ಲವೂ ಸಹಜತೆಯನ್ನು ಬಿಟ್ಟು ಹೋಗಬಹುದು, ಎರಡನೆಯವನಿಗೆ ಹಾಗಾಗುವಂತಿಲ್ಲ. ರಾಯ್ ಅವರ ಕ್ರಮದಲ್ಲಿ ಇನ್ನೊಂದು ಜಾಣತನವೂ ಇದೆ. ಹಿನ್ನೋಟಗಳು ಬಹುಮಟ್ಟಿಗೆ ಮಾತಿನಿಂದ ಹುಟ್ಟುತ್ತವೆ, ಎದುರಿಗೆ ಕೇಳುವವರಿದ್ದಾಗ. ಕನಸು ಬರುವುದು ಅವನು ಒಬ್ಬನೇ ಕಣ್ಣು ಮುಚ್ಚಿದಾಗ. ಕಥನದ ಸನ್ನಿವೇಶವೇ ಅರ್ಧ ಸೂಚನೆಯನ್ನು ಕೊಟ್ಟಿರುವುದರಿಂದ ಶೀರ್ಷಿಕೆಯ ಮೇಲಿನ ಭಾರ ಕಡಿಮೆಯಾಗುತ್ತದೆ. ಚಿತ್ರಕಥೆಯಲ್ಲಿ ಕನಸಿಗೂ ಹಿನ್ನೋಟಕ್ಕೂ ಹೀಗೆ ಬೇರೆ ಬೇರೆ ಹೊಸ್ತಿಲುಗಳನ್ನು ಮೊದಲೇ ಗೊತ್ತುಮಾಡಿಕೊಂಡು ಅವನ್ನು ಕೊನೆಯವರೆಗೆ ಕಾಯ್ದುಕೊಂಡರೆ, ಓದುಗ ಎರಡನೆಯ ಸಲಕ್ಕೇ ಪಾಠ ಕಲಿತುಬಿಡುತ್ತಾನೆ.

ಬರ್ಗ್‌ಮನ್‌ನ ‘ವೈಲ್ಡ್ ಸ್ಟ್ರಾಬೆರೀಸ್’ (1957) ಈ ಹೊಸ್ತಿಲನ್ನು ಬೇರೆ ರೀತಿಯಲ್ಲಿ ದಾಟುತ್ತದೆ. ಅಲ್ಲಿ ವೃದ್ಧ ಇಸಾಕ್ ಬೋರ್ಗ್ ತನ್ನ ಯೌವನದ ದಿನಗಳೊಳಗೆ ಮುದುಕನಾಗಿಯೇ ಕಾಲಿಡುತ್ತಾನೆ; ತರುಣರಾಗಿಯೇ ಉಳಿದ ತನ್ನವರನ್ನು ನೋಡುತ್ತಾನೆ. ಅದು ಶುದ್ಧ ಹಿನ್ನೋಟವೂ ಅಲ್ಲ, ಪೂರ್ಣ ಕನಸೂ ಅಲ್ಲ. ಇಂಥ ದೃಶ್ಯಕ್ಕೆ ಯಾವ ಹಣೆಪಟ್ಟಿಯೂ ಪೂರ್ತಿ ಹೊಂದುವುದಿಲ್ಲ. ಪಾತ್ರದ ವಯಸ್ಸನ್ನು ಹೆಸರಿನ ಜೊತೆಗೆ ಬರೆಯುವ ಸಣ್ಣ ಶಿಸ್ತೇ ಇಲ್ಲಿ ದೊಡ್ಡ ಆಸರೆ. ‘ಇಸಾಕ್, ಮುದುಕನಾಗಿಯೇ’ ಎಂಬ ಒಂದು ಮಾತು ಇಲ್ಲದಿದ್ದರೆ ಓದುಗನ ಮನಸ್ಸು ತಾನಾಗಿಯೇ ತರುಣ ಇಸಾಕನನ್ನು ಕಲ್ಪಿಸಿಕೊಂಡುಬಿಡುತ್ತದೆ, ದೃಶ್ಯದ ಜೀವವೇ ಹೋಗುತ್ತದೆ.

ಇಲ್ಲಿಯವರೆಗೆ ಓದುಗನ ಸ್ಪಷ್ಟತೆಗೂ ಪ್ರೇಕ್ಷಕನ ಅನುಭವಕ್ಕೂ ನಡುವೆ ಜಗಳವಿಲ್ಲ. ಕಠಿಣವಾದ ಸಮಸ್ಯೆ ಉದ್ಭವಿಸುವುದು ಪ್ರೇಕ್ಷಕನಿಂದ ಏನನ್ನಾದರೂ ಮುಚ್ಚಿಡಬೇಕಾದಾಗ. ಪ್ರೇಕ್ಷಕ ನಿಜವೆಂದು ನಂಬಬೇಕಾದ ದೃಶ್ಯದ ಮೇಲೆ ‘ಕನಸು’ ಎಂದು ಬರೆದರೆ ಓದುಗನಿಗೆ ಬೆರಗಿಲ್ಲ. ಬರೆಯದಿದ್ದರೆ ಚಿತ್ರತಂಡಕ್ಕೆ ದಿಕ್ಕಿಲ್ಲ. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಈ ಸಮಸ್ಯೆಯನ್ನು ಕನ್ನಡದಲ್ಲಿ ಅತ್ಯಂತ ತೀವ್ರವಾಗಿ ಒಡ್ಡಿದ ಚಿತ್ರ. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಜನರನ್ನು ಕೂರಿಸುವ ನಿಕ್ಕಿಗೆ ನಿದ್ದೆ ಬಾರದು. ಲೂಸಿಯಾ ಎಂಬ ಗುಳಿಗೆ ನುಂಗಿದ ಮೇಲೆ ಅವನಿಗೆ ತಾನು ಬಯಸಿದ ಬದುಕು ಕನಸಾಗಿ ಕಾಣತೊಡಗುತ್ತದೆ. ಅಲ್ಲಿ ಅವನು ಪ್ರಖ್ಯಾತ ಸಿನಿಮಾ ನಟ. ಟಾರ್ಚ್ ಹುಡುಗನ ಬದುಕು ಬಣ್ಣದಲ್ಲಿದೆ, ನಟನ ಬದುಕು ಕಪ್ಪು ಬಿಳುಪಿನಲ್ಲಿದೆ. ಪಿಜ್ಜಾ ಅಂಗಡಿಯಲ್ಲಿ ದುಡಿಯುವ ಶ್ವೇತಾ ಇನ್ನೊಂದು ಲೋಕದಲ್ಲಿ ರೂಪದರ್ಶಿಯಾಗಿ ಬರುತ್ತಾಳೆ. ಬಣ್ಣವೇ ವಾಸ್ತವ, ಕಪ್ಪು ಬಿಳುಪೇ ಕನಸು ಎಂದು ಪ್ರೇಕ್ಷಕ ಸಹಜವಾಗಿ ನಂಬುತ್ತಾನೆ. ಕೊನೆಯಲ್ಲಿ ತಿಳಿಯುವುದು ಅದರ ತಿರುವುಮುರುವು: ನಟನೇ ನಿಜ, ಸಾಮಾನ್ಯನ ಬಣ್ಣದ ಬದುಕೇ ಅವನು ಕಂಡ ಕನಸು.

ಇಂಥ ಕಥೆಯನ್ನು ಹಾಳೆಯ ಮೇಲೆ ಇಳಿಸುವಾಗ ಶೀರ್ಷಿಕೆಯಲ್ಲಿ ಏನು ಬರೆಯಬೇಕು? ಆ ಚಿತ್ರದ ಹಸ್ತಪ್ರತಿ ಇಲ್ಲಿಯ ಚರ್ಚೆಯ ವಿಷಯವಲ್ಲ. ತೆರೆಯ ಮೇಲೆ ಕಾಣುವ ರಚನೆ ಎತ್ತುವ ಪ್ರಶ್ನೆಯಷ್ಟೇ ಇಲ್ಲಿ ಪ್ರಸ್ತುತ. ನಟನ ದೃಶ್ಯಗಳಿಗೆ ‘ಕನಸು’ ಎಂದು ಬರೆದರೆ ಓದುಗನಿಗೆ ಬೆರಗು ಉಳಿಯುತ್ತದೆ, ಆದರೆ ಆ ಶೀರ್ಷಿಕೆ ಸುಳ್ಳು. ಪಾತ್ರ ಸುಳ್ಳು ಹೇಳಬಹುದು, ದೃಶ್ಯ ಭ್ರಮೆ ಹುಟ್ಟಿಸಬಹುದು. ಶೀರ್ಷಿಕೆ ಲೇಖಕನ ಸ್ವಂತ ಮಾತಾದ್ದರಿಂದ ಅದು ಸುಳ್ಳು ಹೇಳಿತೆಂದು ಗೊತ್ತಾದ ಓದುಗ ಹಿಂದಿನ ಯಾವ ಸೂಚನೆಯನ್ನೂ ನಂಬಲಾರ. ಟಾರ್ಚ್ ಹುಡುಗನ ದೃಶ್ಯಗಳಿಗೆ ‘ಕನಸು’ ಎಂದು ನಿಜವನ್ನೇ ಬರೆದರೆ ಮೊದಲ ಪುಟದಲ್ಲೇ ಕಥೆ ಮುಗಿಯಿತು. ಎರಡಕ್ಕೂ ಏನನ್ನೂ ಬರೆಯದಿದ್ದರೆ, ಒಂದೇ ಮುಖದ ಇಬ್ಬರು, ಒಂದೇ ಮುಖದ ಎರಡು ಶ್ವೇತೆಯರು ಹಾಳೆಯ ಮೇಲೆ ಒಬ್ಬರೊಳಗೊಬ್ಬರು ಕಲಸಿಹೋಗುತ್ತಾರೆ.

ದಾರಿ ಇರುವುದು ಚಿತ್ರ ಅನುಸರಿಸಿದ ಉಪಾಯದಲ್ಲೇ. ಶೀರ್ಷಿಕೆಯಲ್ಲಿ ‘(ಬಣ್ಣ)’ ಮತ್ತು ‘(ಕಪ್ಪು ಬಿಳುಪು)’ ಎಂದು ಬರೆದರೆ ಅದು ಸುಳ್ಳೂ ಅಲ್ಲ, ಗುಟ್ಟು ಬಿಟ್ಟುಕೊಟ್ಟಂತೆಯೂ ಅಲ್ಲ. ಛಾಯಾಗ್ರಾಹಕನಿಗೂ ವಸ್ತ್ರ ವಿಭಾಗಕ್ಕೂ ಬೇಕಾದ್ದು ಸಿಕ್ಕಿತು. ಓದುಗ ಪ್ರೇಕ್ಷಕನಂತೆಯೇ ತಾನಾಗಿ ಊಹಿಸಿ ತಾನಾಗಿ ಮೋಸಹೋಗುತ್ತಾನೆ. ಇದರಿಂದ ಹೊರಡುವ ತತ್ತ್ವ ಇಷ್ಟು: ಮುಚ್ಚಿಡಬೇಕಾದ ಸಂಗತಿ ಇದ್ದಲ್ಲಿ ಶೀರ್ಷಿಕೆ ದೃಶ್ಯದ ಸ್ಥಿತಿಯನ್ನು ಹೇಳದೆ ತೋರಿಕೆಯನ್ನು ಹೇಳಬೇಕು. ಏನು ನಿಜ ಎಂಬುದನ್ನು ಬಿಟ್ಟು ಏನು ಕಾಣುತ್ತದೆ ಎಂಬುದನ್ನು ಬರೆಯಬೇಕು.

ಸುಳ್ಳು ಹಿನ್ನೋಟಕ್ಕೂ ಇದೇ ಮದ್ದು. ಹಿಚ್‌ಕಾಕ್‌ನ ‘ಸ್ಟೇಜ್ ಫ್ರೈಟ್’ (1950) ಚಿತ್ರದ ಆರಂಭದಲ್ಲಿ ಜೊನಾಥನ್ ಹೇಳುವ ಕೊಲೆಯ ಕಥೆ ಹಿನ್ನೋಟವಾಗಿ ತೆರೆಯ ಮೇಲೆ ಬರುತ್ತದೆ; ಕೊನೆಗೆ ಅದು ಅವನು ಕಟ್ಟಿದ ಸುಳ್ಳು ಎಂದು ಗೊತ್ತಾಗುತ್ತದೆ. ಪ್ರೇಕ್ಷಕರು ಕ್ಷಮಿಸದ ಈ ತಂತ್ರವನ್ನು ತಾನು ಬಳಸಬಾರದಿತ್ತೆಂದು ಹಿಚ್‌ಕಾಕ್ ಮುಂದೆ ತ್ರುಫೊ ಜೊತೆಗಿನ ಸಂದರ್ಶನದಲ್ಲಿ ಒಪ್ಪಿಕೊಂಡದ್ದುಂಟು. ಅದೇ ವರ್ಷ ಬಂದ ಕುರೊಸಾವಾನ ‘ರಾಶೊಮೊನ್’ ಒಂದೇ ಘಟನೆಯನ್ನು ಪರಸ್ಪರ ವಿರುದ್ಧವಾದ ಹೇಳಿಕೆಗಳಲ್ಲಿ ತೋರಿಸಿದರೂ ಯಾರೂ ಮೋಸವಾಯಿತೆಂದು ದೂರಲಿಲ್ಲ. ‘ರಾಶೊಮೊನ್’ನಲ್ಲಿ ಪ್ರತಿ ಆವೃತ್ತಿಗೂ ಹೇಳುವವನ ಹೆಸರು ಅಂಟಿಕೊಂಡಿದೆ, ಅದು ಘಟನೆಯಲ್ಲ, ಹೇಳಿಕೆ ಎಂಬುದು ಮೊದಲಿನಿಂದಲೂ ಬಯಲಾಗಿದೆ. ಹಾಳೆಯ ಮೇಲೆ ‘ಹಿನ್ನೋಟ’ ಎಂದು ಬರೆಯುವುದಕ್ಕೂ ‘ಜೊನಾಥನ್ ಹೇಳಿದಂತೆ’ ಎಂದು ಬರೆಯುವುದಕ್ಕೂ ಇರುವ ಅಂತರ ಇದೇ. ಮೊದಲನೆಯದಕ್ಕೆ ಲೇಖಕ ಜಾಮೀನು ನಿಲ್ಲುತ್ತಾನೆ, ಎರಡನೆಯದಕ್ಕೆ ಪಾತ್ರ.

ಕನ್ನಡಕ್ಕೆ ಇದು ಪರಕೀಯವೂ ಅಲ್ಲ. ಕಂಡವನು ‘ಬಂದನು’ ಎನ್ನುತ್ತಾನೆ, ಕೇಳಿದವನು ‘ಬಂದನಂತೆ’ ಎನ್ನುತ್ತಾನೆ. ಹೊಣೆ ಯಾರದೆಂಬುದನ್ನು ಮಾತಿನ ಕೊನೆಗೇ ಅಂಟಿಸುವುದು ದಿನಬಳಕೆಯ ಕನ್ನಡದ ಅಭ್ಯಾಸ. ರಕ್ಷಿತ್ ಶೆಟ್ಟಿ ಅವರ ‘ಉಳಿದವರು ಕಂಡಂತೆ’ (2014) ಕರಾವಳಿಯ ಊರೊಂದರ ಘಟನೆಯನ್ನು ಹಲವರ ದೃಷ್ಟಿಯಿಂದ ಬಿಚ್ಚಿಡುವ ಚಿತ್ರ. ಅದರ ಹೆಸರೇ ಅಂಥ ಶೀರ್ಷಿಕೆಯೊಂದರ ಮಾದರಿ. ‘ಕಂಡಂತೆ’, ‘ಹೇಳಿದಂತೆ’, ‘ನೆನೆದಂತೆ’ ಎಂಬ ಮೂರು ಮಾತುಗಳು ಕೈಯಲ್ಲಿರುವಾಗ ಕನ್ನಡದ ಚಿತ್ರಕಥೆಗಾರರು ಎಲ್ಲಕ್ಕೂ ‘ಫ್ಲ್ಯಾಷ್‌ಬ್ಯಾಕ್’ ಎಂದೇ ಬರೆಯುತ್ತಿರುವುದು ಸೋಜಿಗ.

ಗಂಗಮ್ಮನ ಕಥೆಯಲ್ಲಿ ಇಂಥದೊಂದು ಕನಸು ಬರುತ್ತದೆಂದು ಭಾವಿಸಬಹುದು. ಗಂಡ ಮರಳಿ ಬಂದು ಬಾಗಿಲು ತಟ್ಟುತ್ತಾನೆ. ಅವಳು ಎಚ್ಚರಗೊಳ್ಳುವವರೆಗೆ ಪ್ರೇಕ್ಷಕ ಅದನ್ನು ನಂಬಬೇಕು. ಒಂದೇ ದೃಶ್ಯದ ಮಟ್ಟಿಗಿನ ಈ ವಂಚನೆಗೆ ಬಣ್ಣ ಕಪ್ಪುಬಿಳುಪುಗಳ ಹಂಚಿಕೆ ಅತಿಯಾಯಿತು. ಓದುವ ಕರಡಿನಲ್ಲಿ ಶೀರ್ಷಿಕೆಗೆ ಯಾವ ಗುರುತನ್ನೂ ಹಾಕದೆ, ಮೈಯಲ್ಲಿ ಒಂದೇ ಒಂದು ವಿವರವನ್ನು ಇಡಬಹುದು:

ದೃಶ್ಯ 40. ಒಳಾಂಗಣ. ಗಂಗಮ್ಮನ ಮನೆ, ನಡುಮನೆ. ಬೆಳಗಿನ ಜಾವ.
ಗಂಗಮ್ಮ (72) ಬಾಗಿಲು ತೆರೆಯುತ್ತಾಳೆ. ಹೊಸ್ತಿಲಾಚೆ ವೀರಪ್ಪ (30), ಕೈಯಲ್ಲಿ ಗಂಟು.
ವೀರಪ್ಪ: ಗಾಡಿ ತಪ್ಪಿತು.

ದೃಶ್ಯ 41. ಒಳಾಂಗಣ. ಮಗ್ಗದ ಕೋಣೆ. ಬೆಳಗಿನ ಜಾವ.
ಗಂಗಮ್ಮ ಚಾಪೆಯ ಮೇಲೆ ಕಣ್ಣು ಬಿಡುತ್ತಾಳೆ. ನಡುಮನೆಯ ಬಾಗಿಲಿಗೆ ಅಗುಳಿ ಹಾಕಿದೆ. ಹಿಂದಿನದು ಅವಳ ಕನಸು.

ಅವಳಿಗೆ ಎಪ್ಪತ್ತೆರಡಾಗಿರುವಾಗ ಅವನು ಇನ್ನೂ ಮೂವತ್ತರವನು; ಎಚ್ಚರಿಕೆಯ ಓದುಗನಿಗೆ ಇಷ್ಟು ಸಾಕು. ಆದರೂ 41ರ ಕೊನೆಯ ವಾಕ್ಯವನ್ನು ಬಿಡುವಂತಿಲ್ಲ. ತೆರೆಯ ಮೇಲೆ ಎಚ್ಚರಗೊಂಡ ಮುಖವೇ ಎಲ್ಲವನ್ನೂ ಹೇಳುತ್ತದೆ. ಹಾಳೆಯ ಮೇಲೆ ‘ಕಣ್ಣು ಬಿಡುತ್ತಾಳೆ’ ಎಂಬುದು ಮರುದಿನದ ಬೆಳಗೂ ಆಗಬಹುದು. ಮೂರು ಪದಗಳ ಆ ನೇರ ಮಾತನ್ನು ಕಲೆಗೆ ಕುಂದೆಂದು ತಿಳಿದು ಬಿಟ್ಟವರ ಕರಡುಗಳಲ್ಲಿ ಗಂಡ ನಿಜವಾಗಿಯೂ ಮರಳಿ ಬಂದನೆಂದೇ ನಂಬಿ ಓದುಗ ಮುಂದಿನ ದೃಶ್ಯಗಳಲ್ಲಿ ಅವನನ್ನು ಹುಡುಕುತ್ತಿರುತ್ತಾನೆ. ಕೆಲಸದ ಪ್ರತಿ ಸಿದ್ಧವಾಗುವಾಗಲಂತೂ 40ರ ಶೀರ್ಷಿಕೆಗೇ ‘(ಗಂಗಮ್ಮನ ಕನಸು)’ ಎಂದು ಸೇರಿಸಬೇಕಾಗುತ್ತದೆ. ಆ ಹಂತದ ಓದುಗರಿಗೆ ಬೆರಗಿನ ಅಗತ್ಯವಿಲ್ಲ. ಒಂದೆರಡು ದೃಶ್ಯಗಳಿಗಿಂತ ದೀರ್ಘವಾದ ವಂಚನೆಗೆ ಈ ಉಪಾಯ ಸಲ್ಲದು. ಹತ್ತು ಪುಟ ನಂಬಿಸಿ ಒಂದು ಸಾಲಿನಲ್ಲಿ ‘ಇದೆಲ್ಲ ಕನಸು’ ಎಂದರೆ ಓದುಗ ಕಳೆದುಕೊಂಡದ್ದಕ್ಕೆ ಪ್ರತಿಯಾಗಿ ಅವನಿಗೆ ದೊರೆತದ್ದೇನೂ ಇರುವುದಿಲ್ಲ.

ಓದುವ ಕರಡು ಮತ್ತು ಕೆಲಸದ ಪ್ರತಿಗಳ ಈ ಭೇದ ಸಂಶೋಧಕರಿಗೆ ಇನ್ನೊಂದು ಕಾರಣದಿಂದಲೂ ಮುಖ್ಯ. ಪುಸ್ತಕರೂಪದಲ್ಲಿ ಗ್ರಂಥಾಲಯಗಳಿಗೆ ಬರುವ ಚಿತ್ರಕಥೆಗಳಲ್ಲಿ ಮೂರನೆಯ ಬಗೆಯೊಂದಿದೆ: ಸಿದ್ಧವಾದ ಚಿತ್ರವನ್ನು ನೋಡಿಕೊಂಡು ಬರೆದ ಪಾಠ. ಅದರಲ್ಲಿ ‘ಬಿಂಬ ಕರಗುತ್ತದೆ’, ‘ಬಣ್ಣ ಮಾಸುತ್ತದೆ’ ಎಂದಿದ್ದರೆ ಅದು ಸಂಕಲನದ ಮೇಜಿನ ಮೇಲೆ ಆದದ್ದರ ವರದಿ. ಲೇಖಕ ಓದುಗನಿಗಿತ್ತ ಸೂಚನೆ ಆಗಿರಬೇಕಿಲ್ಲ. ಹಿನ್ನೋಟವೊಂದು ಮೂಲ ಕರಡಿನಲ್ಲಿ ಬೇರೆ ಕಡೆ ಇದ್ದು ಸಂಕಲನದಲ್ಲಿ ಸ್ಥಳ ಬದಲಿಸಿರುವ ಸಂಭವವೂ ಇದೆ. ಕೆಲಸದ ಪ್ರತಿಯನ್ನು ಗುರುತಿಸುವುದು ಕಷ್ಟವಲ್ಲ. ಸಂಖ್ಯೆಗಳು ಒಮ್ಮೆ ನಿಗದಿಯಾದ ಮೇಲೆ ಸೇರಿದ ದೃಶ್ಯಗಳು 22ಎ, 22ಬಿ ಎಂದು ನುಸುಳಿರುತ್ತವೆ. ತೆಗೆದುಹಾಕಿದ ದೃಶ್ಯದ ಸಂಖ್ಯೆಯ ಮುಂದೆ ಕೈಬಿಟ್ಟಿದೆ ಎಂಬ ಟಿಪ್ಪಣಿ ಉಳಿದಿರುತ್ತದೆ. ತೆರೆಯ ಮೇಲೆ ಬಾರದ ದೃಶ್ಯಗಳೂ ಅಲ್ಲಿರುತ್ತವೆ. ಚಿತ್ರ ನೋಡಿ ಬರೆದ ಪಾಠದಲ್ಲಿ ಸಂಖ್ಯೆಗಳು ಒಂದೇ ಸಮನೆ ಸಾಗುತ್ತವೆ, ಎಲ್ಲ ದೃಶ್ಯಗಳೂ ಚಿತ್ರದಲ್ಲಿ ಸಿಗುತ್ತವೆ. ಸೂಚಿಯನ್ನು ಸಿದ್ಧಪಡಿಸುವವರು ಈ ಮೂರರಲ್ಲಿ ಯಾವುದೆಂಬುದನ್ನು ಒಂದು ಪದದಲ್ಲಿ ನಮೂದಿಸಿದರೆ, ಚಿತ್ರಕಥೆಗಾರನ ಕಾಲಪ್ರಜ್ಞೆ ಎಂದು ಬಣ್ಣಿಸಲಾದದ್ದರಲ್ಲಿ ಸಂಕಲನಕಾರನ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ಸಾಧ್ಯವಾಗುತ್ತದೆ.